‘ಆಚಾರ್ಯದೇವೋ ಭವ’ದ ಮುಂದಿನ ಸಾಲು

“ಮಗಳ ಸಂಗೀತ ಮೇಷ್ಟ್ರು ‘ಆಚಾರ್ಯದೇವೋ ಭವ’ ಎನ್ನುತ್ತಾ ಪ್ರಶ್ನೆಯನ್ನೇ ಕೇಳಬಾರದು ಎನ್ನುತ್ತಾರೆ. ಗುರು ದೇವರ ಸಮಾನ ಎಂದರೆ ಇದೇನಾ?”

ಆ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದರಿಂದ ಈ ಗೊಂದಲ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯ 11ನೇ ಅನುವಾಕವನ್ನು ಮೊದಲು ಓದಿ. ಪಾಠ ಮುಗಿಸಿದ ಶಿಷ್ಯನಿಗೆ ಆಚಾರ್ಯರೇ ಹೇಳುವ ಮಾತದು: ಆಚಾರ್ಯನನ್ನು ದೇವರೆಂದು ಕಾಣುವವನಾಗು. ಅಂದರೆ ಅದು ಶಿಷ್ಯನ ಮನೋಭಾವದ ಮಾತು, ಗುರುವಿಗೆ ಕೊಟ್ಟ ಅಧಿಕಾರವಲ್ಲ. ಸ್ವಲ್ಪ ಮುಂದೆ ಅವರೇ ‘ಯಾನ್ಯಸ್ಮಾಕಂ ಸುಚರಿತಾನಿ’ ಎನ್ನುತ್ತಾರೆ: ನಮ್ಮಲ್ಲಿ ಒಳ್ಳೆಯ ನಡತೆ ಯಾವುದಿದೆಯೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ. ದೇವರಿಗೆ ಯಾರಾದರೂ ಇಂಥ ಷರತ್ತು ಹಾಕುತ್ತಾರೆಯೇ?

ಇಷ್ಟು ಗೌರವಕ್ಕೆ ಕಾರಣವಿದೆ. ವಿದ್ಯೆ ಬಾಯಿಂದ ಕಿವಿಗೆ ದಾಟುತ್ತಿದ್ದ ಕಾಲದಲ್ಲಿ ಗುರುವೇ ಗ್ರಂಥ. ಸಂಗೀತದಲ್ಲಿ ಸ್ವರವನ್ನು ಬಳುಕಿಸುವ ಗಮಕ ಇಂದಿಗೂ ಸ್ವರಲಿಪಿಯಿಂದಷ್ಟೇ ಬರುವುದಿಲ್ಲ.

ಆಮೇಲೆ ಗೀತೆಯ 4ನೇ ಅಧ್ಯಾಯದ 34ನೇ ಶ್ಲೋಕ ನೋಡಿ. ಜ್ಞಾನ ಪಡೆಯಲು ನಮಸ್ಕಾರ, ಪರಿಪ್ರಶ್ನೆ, ಸೇವೆ. ಪ್ರಶ್ನೆ ನಟ್ಟನಡುವೆಯೇ ಇದೆ.

ಮೇಷ್ಟ್ರ ಮನಸ್ಸಿನಲ್ಲಿ ಏನಿದೆಯೋ ದೂರದಿಂದ ಹೇಳಲಾರೆ. ನನ್ನ ಮಗನ ಮೃದಂಗದ ಗುರುಗಳಿಗೆ ನುಡಿಸುವಾಗ ತಡೆಯುವುದಷ್ಟೇ ಸಿಟ್ಟು ತರಿಸುತ್ತಿತ್ತು. ಪಾಠ ಮುಗಿದ ಮೇಲೆ ಕೇಳಿದರೆ ಅರ್ಧ ಗಂಟೆ ವಿವರಿಸುತ್ತಿದ್ದರು. ಮಗಳಿಗೂ ಹಾಗೆಯೇ ಕೇಳಲು ಹೇಳಿ. ಆಗಲೂ ಗದರಿದರೆ ಬೇರೆ ಮೇಷ್ಟ್ರನ್ನು ಹುಡುಕಿ.