ಶಿಯರ್ ಫೋರ್ಸ್ ಚಿತ್ರ ಸೊನ್ನೆಗೆ ಮುಗಿದರೆ ಲೆಕ್ಕ ಸರಿ ಎಂದರ್ಥವೇ?

ಪ್ರಶ್ನೆ: ಹಳೆಯ ಸಿವಿಲ್ ಪ್ರಶ್ನೆಪತ್ರಿಕೆಗಳ ಬೀಮ್ ಲೆಕ್ಕ ಮಾಡುತ್ತಿದ್ದೇನೆ. ಶಿಯರ್ ಚಿತ್ರ ಕೊನೆಯಲ್ಲಿ ಸೊನ್ನೆಗೆ ಬರುತ್ತದೆ, ಆದರೂ ಉತ್ತರ ತಪ್ಪಾಗುತ್ತದೆ. ಏಕೆ?

ಉತ್ತರ: ಒಂದು ಪ್ರತಿಕ್ರಿಯೆಯನ್ನು ಒಟ್ಟು ಭಾರದಿಂದ ಕಳೆದು ಇನ್ನೊಂದನ್ನು ಪಡೆದಿದ್ದರೆ, ಶಿಯರ್ ಚಿತ್ರ ಸೊನ್ನೆಗೆ ಬಂದೇ ಬರುತ್ತದೆ. ಅದು ಪರೀಕ್ಷೆಯೇ ಅಲ್ಲ.

A, B ಆಧಾರಗಳ ನಡುವೆ 6 ಮೀಟರ್, B ಆಚೆಗೆ C ವರೆಗೆ 2 ಮೀಟರ್ ಚಾಚು ಎಂದಿಟ್ಟುಕೊಳ್ಳಿ. AB ಮೇಲೆ ಮೀಟರಿಗೆ 10 ಕಿಲೋನ್ಯೂಟನ್ ಹರಡು ಭಾರ, C ತುದಿಯಲ್ಲಿ 15 ಕಿಲೋನ್ಯೂಟನ್. A ಸುತ್ತ ಮೊಮೆಂಟ್ ತೆಗೆದರೆ:

```
6·RB = 60·3 + 15·8 = 300
RB = 50,  RA = 75 − 50 = 25
```

ಶಿಯರ್ A ಯಲ್ಲಿ +25. ಇಳಿಜಾರಾಗಿ B ಯ ಎಡಕ್ಕೆ −35. ಅಲ್ಲಿಂದ +15ಕ್ಕೆ ನೆಗೆದು, C ಯಲ್ಲಿ ಸೊನ್ನೆ. A ಯಿಂದ 2.5 ಮೀಟರ್‌ನಲ್ಲಿ ಶಿಯರ್ ಸೊನ್ನೆಯಾಗುತ್ತದೆ, ಅಲ್ಲೇ ಗರಿಷ್ಠ ಧನ ಮೊಮೆಂಟ್ 31.25. B ಯಲ್ಲಿ −30. ಮೊಮೆಂಟ್‌ನ ಚಿಹ್ನೆ ಬದಲಾಗುವುದು A ಯಿಂದ 5 ಮೀಟರ್‌ನಲ್ಲಿ.

ಈಗ ಅವಸರದಲ್ಲಿ C ಯ ಭಾರಕ್ಕೆ 8ರ ಬದಲು 2 ಮೀಟರ್ ದೂರ ಹಿಡಿದಿರಿ ಎನ್ನಿ. ಚಾಚಿರುವ ಬೀಮ್‌ಗಳಲ್ಲಿ ಎಡವುವುದು ಸುಲಭ. RB 35, RA 40 ಬರುತ್ತದೆ. ಶಿಯರ್ 40, −20, +15, ಸೊನ್ನೆ: ಚಿತ್ರ ಅಚ್ಚುಕಟ್ಟಾಗಿ ಮುಚ್ಚಿಕೊಳ್ಳುತ್ತದೆ! ಆದರೆ B ಯ ಮೊಮೆಂಟ್ ಎಡದಿಂದ ಲೆಕ್ಕ ಹಾಕಿದರೆ +60, ಬಲದಿಂದ −30. ಕಳ್ಳ ಸಿಕ್ಕಿಬಿದ್ದ.

ಆದ್ದರಿಂದ ಕೊನೆಯಲ್ಲಿ, ಮೊದಲು ಬಳಸದ ಬಿಂದುವಿನ ಸುತ್ತ ಮೊಮೆಂಟ್ ನೋಡಿ. ಸರಿಯಾದ ಲೆಕ್ಕದಲ್ಲಿ B ಸುತ್ತ:

```
25·6 − 60·3 + 15·2 = 0
```