ಆಡಿಯೊವನ್ನು ಬರಹಕ್ಕೆ ಇಳಿಸುವುದು

"ಸ್ಮರಣ ಸಂಚಿಕೆಗೆ ಅಜ್ಜಿ ಮಾತಾಡಿದ 12 ನಿಮಿಷದ ವಾಟ್ಸಾಪ್ ಆಡಿಯೊ ಕಳಿಸಿದೆ. ಡಿಟಿಪಿಯವರು ಬರಹ ಮಾತ್ರ ಸಾಕು ಅಂತಿದ್ದಾರೆ. ಏನು ಮಾಡಲಿ?"

ಕೇಳಿ ಬರೆಯುವುದು ಬೇರೆಯೇ ಕೆಲಸ, ಅವರು ಅದನ್ನು ಮಾಡುವುದಿಲ್ಲ. ಫೈಲನ್ನು MP3 ಮಾಡಿ ಕಳಿಸಿದರೂ ಅದೇ ಉತ್ತರ ಬಂದೀತು. ಕಂಪ್ಯೂಟರಿನ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು Tools → Voice typing ಒತ್ತಿ, ಭಾಷೆ ಕನ್ನಡ ಇಟ್ಟು ಮೈಕಿನ ಚಿತ್ರ ಒತ್ತಿ, ಹೇಳಿದ್ದನ್ನು ಅದು ಬರೆದುಕೊಳ್ಳುತ್ತದೆ. ಅಜ್ಜಿಯ ದನಿಯನ್ನೇ ಸ್ಪೀಕರಿನಲ್ಲಿ ಹಾಕಬೇಡಿ, ಅರ್ಧ ಮಾತು ನುಂಗಿಬಿಡುತ್ತದೆ. ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ಒಂದು ವಾಕ್ಯ ಕೇಳಿ, ನಿಲ್ಲಿಸಿ, ನೀವೇ ಮೈಕಿಗೆ ಹೇಳಿ. ಮೈಕ್ ತಾನಾಗಿ ಆರಿದರೆ ಮತ್ತೆ ಒತ್ತಿ. 'ಹೋಗ್ಯಾಳ' ಅಂದದ್ದು 'ಹೋಗಿದ್ದಾಳೆ' ಆಗಿಬಿಡಬಹುದು. ಅಂಥ ಮಾತನ್ನು ಕೈಯಲ್ಲೇ ಟೈಪಿಸಿ. ಸುಮಾರು ಒಂದು ಗಂಟೆ ಹಿಡಿದೀತು. ಪೂರ್ಣವಿರಾಮ ನೀವೇ ಹಾಕಬೇಕು. ಕಳಿಸುವಾಗ 'ಇದು ಯೂನಿಕೋಡ್' ಎಂದು ಹೇಳಿ. ಅವರದು ಹಳೆಯ ನುಡಿ ಫಾಂಟ್ ಆದರೆ ಪರಿವರ್ತಿಸಿಕೊಳ್ಳುತ್ತಾರೆ.