ಎರಡು ಭಾವಚಿತ್ರಗಳನ್ನು ಹೋಲಿಸುವಾಗ ಮೊದಲು ಏನು ನೋಡಬೇಕು?

ಪ್ರಶ್ನೆ: ಒಬ್ಬರೇ ಅಜ್ಜನನ್ನು ಎದುರಿಗೆ ಕೂರಿಸಿಕೊಂಡು ಇಬ್ಬರು ವಿದ್ಯಾರ್ಥಿಗಳು ಪೆನ್ಸಿಲ್ ಚಿತ್ರ ಬರೆದಿದ್ದಾರೆ. ಯಾವುದು ಚೆನ್ನಾಗಿದೆ ಅಂತ ಹೇಗೆ ಹೇಳೋದು?

ಮೊದಲು ಅಳತೆ ನೋಡಿ, ಶೇಡಿಂಗ್ ಆಮೇಲೆ. ನುಣುಪಾದ ಶೇಡಿಂಗ್ ಕಣ್ಣಿಗೆ ಬೇಗ ಮೋಸ ಮಾಡುತ್ತದೆ.

ಮುಖ ನೇರವಾಗಿದ್ದರೆ ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಸುಮಾರು ನಡುವೆ ಬರುತ್ತವೆ. ಚಿತ್ರದಲ್ಲಿ ತಲೆ 20 ಸೆಂ.ಮೀ. ಇದ್ದರೆ, ಕಣ್ಣು ಮೇಲಿನಿಂದ 10ರ ಆಸುಪಾಸಿನಲ್ಲಿರಬೇಕು. ಹೊಸಬರು ಅದನ್ನು 8ಕ್ಕೇ ಇಟ್ಟುಬಿಡುತ್ತಾರೆ. ಹಣೆ ಖಾಲಿ ಜಾಗ ಅಂತ ಅನ್ನಿಸುತ್ತದಲ್ವಾ, ಅದಕ್ಕೇ ಕುಗ್ಗಿಸುತ್ತಾರೆ. ಆಗ ಮೂಗು ಉದ್ದವಾಗಿ, ಅಜ್ಜ ಬೇರೆ ಯಾರೋ ಆಗುತ್ತಾರೆ. ಚಿತ್ರವನ್ನು ತಲೆಕೆಳಗೆ ಹಿಡಿದರೆ ಇಂಥ ತಪ್ಪು ಥಟ್ಟನೆ ಕಾಣುತ್ತದೆ.

ಆದರೆ ಅಳತೆ ಸರಿಯಿದ್ದರೆ ಹೋಲಿಕೆ ಬಂದೇ ಬಿಡುತ್ತದೆ ಅಂತಲ್ಲ. ಈ ಅಜ್ಜನ ಎಡ ರೆಪ್ಪೆ ಸ್ವಲ್ಪ ಜೋತುಬಿದ್ದಿದ್ದರೆ ಅದು ಚಿತ್ರದಲ್ಲೂ ಬೇಕು. ಎರಡು ಕಣ್ಣನ್ನೂ ಒಂದೇ ಥರ ಬರೆದವರು ಅಜ್ಜನನ್ನು ನೋಡಿಲ್ಲ, ಸುಮ್ನೆ ಕಣ್ಣು ಬರೆದಿದ್ದಾರೆ.

ನೆರಳು-ಬೆಳಕಿಗೆ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ. ಮುಖ ಬರೀ ಬೂದು ಬಣ್ಣವಾಗಿ ಕಂಡರೆ ಗಾಢ ಕಪ್ಪು ಸಾಲದು. ಬಹುಶಃ ಎಚ್‌ಬಿ ಪೆನ್ಸಿಲ್ ಒಂದರಲ್ಲೇ ಮುಗಿಸಿದ್ದಾರೆ. ಮೂಗಿನ ಹೊಳ್ಳೆ, ತುಟಿಗಳ ನಡುಗೆರೆಗೆ 4ಬಿ, 6ಬಿಯಂಥ ಇನ್ನೂ ಕಪ್ಪಾಗಿ ಬರೆಯುವ ಪೆನ್ಸಿಲ್ ಬೇಕಾಗುತ್ತದೆ. ಕಣ್ಣಿನ ಬಿಳಿಭಾಗವನ್ನೂ ನೋಡಿ. ರೆಪ್ಪೆಯ ನೆರಳು ಬೀಳುವುದರಿಂದ ಅದು ಹಣೆಯ ಹೊಳಪಿಗಿಂತ ಮಂಕು. ಅಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಟ್ಟಿದ್ದರೆ ಅಜ್ಜ ಗಾಬರಿಯಾದಂತೆ ಕಾಣುತ್ತಾರೆ.

ನಾನಾದರೆ ಶೇಡಿಂಗ್ ಒರಟಾಗಿದ್ದರೂ ರೆಪ್ಪೆ ಸರಿಯಾಗಿರುವ ಚಿತ್ರಕ್ಕೇ ಜಾಸ್ತಿ ಅಂಕ ಕೊಡುತ್ತೇನೆ.